ಮೂವತ್ತೊಂದನೆಯ ಅರ್ಜಿ

ಯಜಮಾನಿ ಮಷೀನು ತುಳಿದು ಮೇಲೆ ಬಂದವಳು. ಉದ್ದನೆಯ ಒಂದು ಹಾಲು, ಹನ್ನೊಂದು ಹೊಲಿಗೆ ಮಷೀನು, ನಡುವೆ ಬಟ್ಟೆ ಕತ್ತರಿಸುವ ದೊಡ್ಡ ಮೇಜು, ಮೂಲೆಯಲ್ಲಿ ಗಾಜಿನ ಗೂಡಿನಂಥ ಆಫೀಸು. ಶಾಲೆಗಳಿಗೆ, ಆಸ್ಪತ್ರೆಗಳಿಗೆ, ಕಾವಲುಗಾರರಿಗೆ ಸಮವಸ್ತ್ರ ಹೊಲಿದುಕೊಡುವ ಈ ಪುಟ್ಟ ಕಾರ್ಖಾನೆಯನ್ನು ಅವಳು ಸೂಜಿಯಲ್ಲಿ ಬಾವಿ ತೋಡಿದ ಹಾಗೆ ಕಟ್ಟಿದ್ದಳು. ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರೆ ಸಾಕು, ಅದರ ಜಾತಕ ಹೇಳುತ್ತಿದ್ದಳು. ಮನುಷ್ಯರ ವಿಷಯದಲ್ಲಿ ಮಾತ್ರ ಈ ವಿದ್ಯೆ ಕೈಕೊಡುತ್ತಿತ್ತು.

ಹಿಂದಿನ ಸಲ ಆರ್ಡರ್ ನೋಡಿಕೊಳ್ಳುವುದಕ್ಕೆ ಒಬ್ಬನನ್ನು ಇಟ್ಟುಕೊಂಡಿದ್ದಳು. ನಗುಮುಖದವನು, ಮುತ್ತು ಪೋಣಿಸಿದಂಥ ಅಕ್ಷರ, ಮೇಲಾಗಿ ಅವಳ ತವರಿನ ಕಡೆಯವನು. ಗಂಡನೂ "ಮುಖ ನೋಡಿದ್ರೇ ಗೊತ್ತಾಗಲ್ವಾ, ಒಳ್ಳೇ ಹುಡುಗ" ಎಂದಿದ್ದ. ಆ ಒಳ್ಳೇ ಹುಡುಗ ಎರಡು ಶಾಲೆಗಳ ಅಳತೆ ಅದಲುಬದಲು ಮಾಡಿಟ್ಟ. ಒಂದನೇ ತರಗತಿಯ ಮಕ್ಕಳಿಗೆ ಹತ್ತನೇ ತರಗತಿಯವರ ಚಡ್ಡಿ ಹೋದವು. ಶಾಲೆಯವರು ಮೂಟೆ ವಾಪಸ್ಸು ಎಸೆದು ಹೋದರು, ಹುಡುಗ ಮರುದಿನದಿಂದ ಫೋನೇ ಎತ್ತಲಿಲ್ಲ.

ಹಾಗಾಗಿ ಈ ಸಲ ಪತ್ರಿಕೆಯಲ್ಲಿ ನಾಲ್ಕು ಸಾಲು ಹಾಕಿಸಿದಳು. ಆರ್ಡರ್ ತೆಗೆದುಕೊಳ್ಳಬೇಕು, ಅಳತೆ ಬರೆದುಕೊಳ್ಳಬೇಕು, ಕತ್ತರಿಸುವವರಿಗೆ ಚೀಟಿ ಮಾಡಿಕೊಡಬೇಕು, ಹೇಳಿದ ದಿನಕ್ಕೆ ಮಾಲು ತಲುಪಿಸಬೇಕು. ಅರ್ಜಿ ಬರೆದು ಕಳಿಸಿ. ನಾಲ್ಕೋ ಐದೋ ಬರಬಹುದು ಎಂದುಕೊಂಡಿದ್ದಳು. ಅಂಚೆಯವನು ತಂದು ಸುರಿದದ್ದು ಐವತ್ತಕ್ಕೂ ಹೆಚ್ಚು.

ಚಿಕ್ಕಮ್ಮ ಬಂದಾಗ ಅವಳು ಆ ರಾಶಿಯಲ್ಲಿ ಮುಳುಗಿ ಅರ್ಧ ಗಂಟೆಯಾಗಿತ್ತು. ಚಿಕ್ಕಮ್ಮ ಎಂದರೆ ತಾಯಿಯ ತಂಗಿ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಪ್ರತಿ ಬೇಸಗೆಯೂ ಪಬ್ಲಿಕ್ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಹೋಗಿ ಕನ್ನಡಕದ ನಂಬರು ಏರಿಸಿಕೊಂಡವಳು. ಮೇಜಿನ ಮೇಲೆ ಆಗಲೇ ಎರಡು ಗುಡ್ಡೆಗಳಾಗಿದ್ದವು. ದೊಡ್ಡ ಗುಡ್ಡೆಯ ಪ್ರತಿ ಹಾಳೆಯ ಮೇಲೂ ಕೆಂಪು ಪೆನ್ನಿನಲ್ಲಿ "ಬೇಡ" ಎಂದಿತ್ತು.

ಚಿಕ್ಕಮ್ಮ ಒಂದನ್ನು ಎತ್ತಿದಳು. "ಇದು ಯಾಕೆ ಬೇಡ?"

"ಹಸಿರು ಇಂಕಲ್ಲಿ ಬರೆದಿದ್ದಾನೆ. ನೋಡಿದ್ರೇ ಏನೋ ಒಂಥರಾ."

"ಇದು?"

"ನಾಲ್ಕು ವರ್ಷ ಮನೇಲಿ ಖಾಲಿ ಕೂತಿದ್ದಳಂತೆ."

"ನೀನು ಮಗ ಹುಟ್ಟಿದಾಗ ಎಷ್ಟು ವರ್ಷ ಖಾಲಿ ಕೂತಿದ್ದೆ?"

"ಅಯ್ಯೋ, ಆಗ ನಂಗೆ ಕೂರೋಕಾದ್ರೂ ಎಲ್ಲಿ ಬಿಡುವಿತ್ತು ಚಿಕ್ಕಮ್ಮ?" ಎಂದವಳು ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದಳು.

"ಇದಕ್ಕೆ 'ಪರವಾಗಿಲ್ಲ' ಅಂತ ಬರೆದಿದ್ದೀಯ. ಯಾಕೆ?"

"ನಮ್ಮ ಬೀದಿಯವರು. ಫೋಟೋದಲ್ಲಿ ಲಕ್ಷಣವಾಗಿದ್ದಾಳೆ."

ಚಿಕ್ಕಮ್ಮ ಸೆರಗು ಸಿಕ್ಕಿಸಿ ಕುಳಿತಳು. "ಇದು ಹೆಣ್ಣು ನೋಡೋ ಶಾಸ್ತ್ರವಾಯ್ತೇ ಹೊರತು ಕೆಲಸಕ್ಕೆ ಆರಿಸಿದ ಹಾಗಾಗಲಿಲ್ಲ. ಮೊದಲನೇ ಅರ್ಜಿ ಓದುವಾಗ ಒಂದು ಅಳತೆ, ಇಪ್ಪತ್ತನೇದಕ್ಕೆ ಇನ್ನೊಂದು ಅಳತೆ. ನಿನ್ನ ಕಟಿಂಗ್ ಮೇಷ್ಟ್ರು ಹೀಗೆ ಅಂಗಿಗೊಂದು ಟೇಪು ಹಿಡಿದ್ರೆ ಸುಮ್ನಿರ್ತೀಯಾ?"

"ನಂಗೆ ಇದೆಲ್ಲ ಯಾರು ಕಲಿಸಿದ್ದಾರೆ ಹೇಳಿ? ದೊಡ್ಡ ಕಂಪನಿಗಳಲ್ಲಾದ್ರೆ ಇದಕ್ಕೇ ಅಂತ ಜನ ಇರ್ತಾರೆ."

"ಪೇಪರ್ ತಿದ್ದೋಕೆ ನಂಗೆ ಯಾರು ಕಲಿಸಿದ್ರು? ಅಲ್ಲಿ ಒಂದು ಕ್ರಮ ಇತ್ತು. ಅದನ್ನೇ ಇಲ್ಲಿ ಮಾಡೋಣ."

ಚಿಕ್ಕಮ್ಮ ಮೊದಲು ಅರ್ಜಿಗಳನ್ನೆಲ್ಲ ಮಗುಚಿ ಪಕ್ಕಕ್ಕಿಟ್ಟಳು. "ಉತ್ತರ ಓದೋಕೆ ಮುಂಚೆ ಪ್ರಶ್ನೆಗೆ ಎಷ್ಟು ಅಂಕ ಅಂತ ಗೊತ್ತಿರಬೇಕು. ಹೇಳು, ಈ ಕೆಲಸಕ್ಕೆ ನಿಜವಾಗ್ಲೂ ಏನು ಬೇಕು? ಇದ್ರೆ ಚೆಂದ ಅನ್ನೋದಲ್ಲ. ಇಲ್ಲದಿದ್ರೆ ಕೆಲಸ ಕೆಡುತ್ತೆ ಅನ್ನೋದು."

ಕೂತು ಯೋಚಿಸಿದಾಗ ಐದು ಸಿಕ್ಕವು: ಅಳತೆಯನ್ನೂ ಲೆಕ್ಕವನ್ನೂ ತಪ್ಪಿಲ್ಲದೆ ಬರೆಯುವುದು, ಬಟ್ಟೆಯ ತಿಳಿವಳಿಕೆ, ಗಿರಾಕಿಯ ಜೊತೆ ಮಾತು, ದಿನಕ್ಕೆ ಸರಿಯಾಗಿ ಮಾಲು ಹೊರಡಿಸಿದ ಅನುಭವ, ಎಡವಟ್ಟಾದಾಗ ಅದನ್ನು ಸರಿಪಡಿಸಿದ ರೀತಿ. ಒಂದೊಂದಕ್ಕೂ ನಾಲ್ಕು ಅಂಕ. ಆ ವಿಷಯ ಅರ್ಜಿಯಲ್ಲೇ ಇಲ್ಲದಿದ್ದರೆ ಸೊನ್ನೆ. "ನನಗೆ ಬರುತ್ತೆ" ಎಂದಷ್ಟೇ ಇದ್ದರೆ ಒಂದು. ಎಲ್ಲಿ ಏನು ಮಾಡಿದೆ ಎಂದು ಬರೆದಿದ್ದರೆ ಎರಡು ಅಥವಾ ಮೂರು. ಮಾಡಿದ್ದರಿಂದ ಏನಾಯಿತು ಎಂಬುದೂ ಇದ್ದರೆ ನಾಲ್ಕು. ಇಂಕಿನ ಬಣ್ಣಕ್ಕೆ ಅಂಕವಿಲ್ಲ, ಮುತ್ತಿನಂಥ ಅಕ್ಷರಕ್ಕೂ ಇಲ್ಲ. ಓದಲು ಬಂದರೆ ಸಾಕು. ಏನು ಕೆಲಸ ಮಾಡಿದ್ದಾರೆ ಎನ್ನುವುದಷ್ಟೇ ಲೆಕ್ಕಕ್ಕೆ, ಎಲ್ಲಿ ಎನ್ನುವುದಲ್ಲ. ಚಿಲ್ಲರೆ ಅಂಗಡಿಯಲ್ಲಿ ಮಾಡಿದ್ದರೂ ಅದು ಅನುಭವವೇ.

ಆಮೇಲೆ ಚಿಕ್ಕಮ್ಮ ಕೆಲಸಗಾತಿಯೊಬ್ಬಳನ್ನು ಕರೆದು ಎಲ್ಲ ಅರ್ಜಿಗಳಿಗೂ ನಂಬರು ಹಾಕಿಸಿದಳು. ಹೆಸರು, ವಿಳಾಸ, ವಯಸ್ಸು, ಫೋಟೋ, ಹಿಂದೆ ಕೆಲಸ ಮಾಡಿದ ಜಾಗದ ಹೆಸರು, ಇವಿಷ್ಟರ ಮೇಲೂ ದಪ್ಪ ಕಾಗದದ ಪಟ್ಟಿ ಅಂಟಿತು. ಕೆಂಪು "ಬೇಡ"ಗಳ ಮೇಲೂ ಅಂಟಿತು. ಪ್ರತಿಗಳನ್ನು ತೆಗೆಸಿ ಇಬ್ಬರೂ ಬೇರೆಬೇರೆ ಕೂತು ತಿದ್ದಿದರು; ಒಬ್ಬರ ಅಂಕವನ್ನು ಇನ್ನೊಬ್ಬರು ನೋಡುವ ಹಾಗಿಲ್ಲ. ಒಂದು ಅರ್ಜಿಯನ್ನು ಪೂರ್ತಿ ಓದಿ ಮುಗಿಸುವುದಲ್ಲ; ಎಲ್ಲರದೂ ಮೊದಲನೇ ವಿಷಯ, ಆಮೇಲೆ ರಾಶಿ ಕಲೆಸಿ ಎಲ್ಲರದೂ ಎರಡನೇ ವಿಷಯ. "ಯಾಕಂದ್ರೆ ಒಂದು ಕಡೆ ಚೆನ್ನಾಗಿ ಬರೆದಿದ್ರೆ ಇನ್ನೊಂದು ಕಡೆನೂ ನಾವು ಕೈ ಧಾರಾಳ ಮಾಡ್ತೀವಿ. ಊಟಕ್ಕೆ ಮುಂಚೆ ಓದಿದ್ದಕ್ಕೆ ಸಿಡುಕು, ಊಟ ಆದ್ಮೇಲೆ ಓದಿದ್ದಕ್ಕೆ ದಯೆ. ಎಲ್ಲ ಕಂಡಿದ್ದೀನಿ."

ಎರಡು ದಿನ ಹಿಡಿಯಿತು. ಇಬ್ಬರ ಅಂಕಗಳು ದೂರ ದೂರ ಇದ್ದ ಕಡೆ ಅರ್ಜಿಯ ಸಾಲನ್ನೇ ತೋರಿಸಿ ವಾದ ಮಾಡಬೇಕು. "ನಂಗೆ ಹಾಗನ್ನಿಸ್ತು" ಎನ್ನುವ ಮಾತು ನಡೆಯುತ್ತಿರಲಿಲ್ಲ. ಹಸಿರು ಇಂಕಿನವನು ಮೇಲಿನ ಹತ್ತರಲ್ಲಿ ಬಂದ. ಬೀದಿಯ ಲಕ್ಷಣವಂತೆಗೆ ಎಲ್ಲದರಲ್ಲೂ ಒಂದೊಂದೇ ಅಂಕ. ಎಲ್ಲರಿಗಿಂತ ಮೇಲೆ ನಿಂತದ್ದು ಮೂವತ್ತೊಂದನೆಯ ನಂಬರು. ಅದು ಅಗ್ಗದ ಕಾಗದದಲ್ಲಿ ಒಂದೇ ಪುಟದ ಒಣ ಅರ್ಜಿ; ಒಂದು ಸಾಲೂ ಹೊಗಳಿಕೆ ಇಲ್ಲ. ಎಂಟು ಮಷೀನಿನ ಸಾಲು ಕೆಟ್ಟು ನಿಂತ ದಿನ ಮಾಲನ್ನು ಹೇಗೆ ಹಂಚಿ ಮುಗಿಸಿದೆ, ಆಮೇಲೆ ಚೀಟಿಯ ನಮೂನೆಯನ್ನೇ ಬದಲಾಯಿಸಿದ್ದರಿಂದ ತೋಳಿನ ಅಳತೆಯ ತಪ್ಪು ಹೇಗೆ ನಿಂತುಹೋಯಿತು ಎಂದೆಲ್ಲ ಬರೆದಿತ್ತು.

"ಇಂಥವರೊಬ್ಬರು ನಂಗೆ ಹತ್ತು ವರ್ಷದ ಹಿಂದೆ ಸಿಕ್ಕಿದ್ರೆ!" ಎಂದಳು ಯಜಮಾನಿ. ಮೇಲಿನ ಮೂವರನ್ನು ಕರೆಯುವುದೆಂದಾಯಿತು. ಚಿಕ್ಕಮ್ಮ ಬಸ್ಸಿಗೆ ಹೊತ್ತಾಯಿತೆಂದು ಹೊರಟ ಮೇಲೆ, ವಿಳಾಸ ಬರೆದುಕೊಳ್ಳಲು ಯಜಮಾನಿ ಪಟ್ಟಿಗಳನ್ನು ಒದ್ದೆ ಮಾಡಿ ಎಬ್ಬಿಸಿದಳು.

ಮೂವತ್ತೊಂದರ ಪಟ್ಟಿಯಡಿ ಒಂದು ಫೋಟೋ. ಕೂದಲು ಬಿಳಿಯಾಗಿತ್ತು, ಕೆನ್ನೆ ಇಳಿದಿತ್ತು. ಆದರೆ ಆ ತೆಳು ತುಟಿ, ಎದುರಿನವರ ಹೊಲಿಗೆ ಎಣಿಸುವಂಥ ಆ ಕಣ್ಣು. ಯಜಮಾನಿಯ ಕೈ ಅಲ್ಲೇ ನಿಂತಿತು.

ಗುಂಡುಸೂಜಿ.

ದೊಡ್ಡ ಗಾರ್ಮೆಂಟ್ ಕಾರ್ಖಾನೆಯಲ್ಲಿ ಸಾಲಿನ ಹೆಣ್ಣುಮಕ್ಕಳೆಲ್ಲ ಆ ಸೂಪರ್‌ವೈಸರಿಗೆ ಇಟ್ಟಿದ್ದ ಹೆಸರು ಅದು. ಯಜಮಾನಿಗಾಗ ಹತ್ತೊಂಬತ್ತೂ ತುಂಬಿರಲಿಲ್ಲ. ಒಂದು ಅಂಗಿಯ ಕಾಲರು ತಿರುವುಮುರುವಾಗಿ ಹೊಲಿದದ್ದಕ್ಕೆ ಆ ಹೆಂಗಸು ಅಂಗಿಯನ್ನು ಅವಳ ಬೆನ್ನಿಗೇ ಗುಂಡುಸೂಜಿಗಳಿಂದ ಚುಚ್ಚಿ ನಿಲ್ಲಿಸಿದ್ದಳು. "ಸಾಲಿನ ಆ ತುದಿಯಿಂದ ಈ ತುದಿಗೆ ನಡಿ. ಎಲ್ಲರೂ ನೋಡಲಿ." ಊಟದ ಗಂಟೆ ಬಾರಿಸುವವರೆಗೂ ನಡೆದಿದ್ದಳು. ಯಾರೂ ತಲೆ ಎತ್ತಲಿಲ್ಲ. ಎತ್ತಿದರೆ ಮುಂದಿನ ಬೆನ್ನು ತಮ್ಮದೆಂದು ಗೊತ್ತಿತ್ತು. ಒಂದು ಸೂಜಿ ರವಿಕೆ ದಾಟಿ ಚರ್ಮಕ್ಕೆ ತಾಗಿತ್ತು. ಅದನ್ನು ಹೇಳಲೂ ನಾಚಿಕೆಯಾಗಿ ಹಾಗೇ ನಡೆದಿದ್ದಳು. ಮರುದಿನ ಕೆಲಸ ಬಿಟ್ಟಳು. ಗಂಡನಿಗೂ ಈ ಸಂಗತಿ ಹೇಳಿರಲಿಲ್ಲ.

ಚಿಕ್ಕಮ್ಮನಿಗೂ ಹೇಳಲಿಲ್ಲ. ಮೂವರಿಗೂ ಬರಹೇಳಿ ಕಾಗದ ಹಾಕಿದಳು.

ಪರೀಕ್ಷೆಯ ದಿನ ಚಿಕ್ಕಮ್ಮನೂ ಬಂದು ಕೂತಳು. ಮೂವರಿಗೂ ಒಂದೇ ಚೀಟಿ, ಅಷ್ಟೇ ಸಮಯ, ಅವೇ ಪ್ರಶ್ನೆಗಳು. ಹೊಸ ಚೀಟಿ ಬರೆಯಲು ಪುರುಸೊತ್ತಿಲ್ಲದೆ ಯಜಮಾನಿ ಆ ವಾರ ಕತ್ತರಿಸಬೇಕಿದ್ದ ಆಸ್ಪತ್ರೆಯ ಆರ್ಡರನ್ನೇ ನಕಲು ಮಾಡಿ, ಅದರಲ್ಲಿ ಬೇಕೆಂದೇ ಮೂರು ತಪ್ಪು ಸೇರಿಸಿದ್ದಳು: ಒಂದು ಕೂಡಿಕೆ ತಪ್ಪು, ಒಂದು ತೋಳಿನ ಅಳತೆ ತಪ್ಪು, ರಜೆಯ ದಿನ ಮಾಲು ತಲುಪಿಸುವುದೆಂಬ ಒಂದು ತಾರೀಖು. ತಪ್ಪು ಹುಡುಕಬೇಕು, ಗಿರಾಕಿಗೆ ಏನು ಕೇಳುತ್ತೀರಿ ಎಂದು ಹೇಳಬೇಕು.

ಚಪ್ಪಲಿ ಅಂಗಡಿಯಲ್ಲಿ ದಾಸ್ತಾನು ನೋಡುತ್ತಿದ್ದ ಗಂಡಸು ಎರಡು ತಪ್ಪು ಹಿಡಿದ. ಔಷಧಿಯ ಸಗಟು ಅಂಗಡಿಯಲ್ಲಿದ್ದ ಯುವತಿ, ಆ ನಾಲ್ಕು ವರ್ಷ "ಖಾಲಿ ಕೂತಿದ್ದ"ವಳು, ಮೂರನ್ನೂ ಹಿಡಿದಳು. ಆದರೆ ಬಟ್ಟೆಯ ವಿಷಯ ತನಗೆ ಹೊಸದೆಂದು ಒಪ್ಪಿಕೊಂಡಳು.

ಗುಂಡುಸೂಜಿ ಕನ್ನಡಕ ಏರಿಸಿ ಚೀಟಿಯನ್ನು ನಿಧಾನವಾಗಿ ಓದಿದಳು. ಯಜಮಾನಿಯ ಮುಖವನ್ನು ಅವಳು ಎರಡು ಸಲ ನೇರವಾಗಿ ನೋಡಿದ್ದಳು. ಗುರುತು ಸಿಕ್ಕ ಒಂದು ಗೆರೆಯೂ ಅವಳ ಮುಖದಲ್ಲಿ ಕದಲಿರಲಿಲ್ಲ.

"ನಾಲ್ಕು ತಪ್ಪಿದೆ ಅಮ್ಮ," ಎಂದಳು.

"ಮೂರು," ಎಂದಳು ಯಜಮಾನಿ.

"ಮೂರು ಇಲ್ಲಿ ಬರೆದಿದ್ದೀನಿ. ನಾಲ್ಕನೇದು ಬಟ್ಟೇದು. ಇದು ಅಪ್ಪಟ ಹತ್ತಿ. ಆಸ್ಪತ್ರೇಲಿ ಕುದಿಯೋ ನೀರಲ್ಲಿ ಒಗೀತಾರೆ. ಕತ್ತರಿಸೋಕೆ ಮುಂಚೆ ನೆನೆಸಿ ಒಣಗಿಸಬೇಕು ಅಂತಾನೂ ಬರೆದಿಲ್ಲ, ಕುಗ್ಗೋದಕ್ಕೆ ಅಂತ ಅಳತೆನೂ ಬಿಟ್ಟಿಲ್ಲ. ಹೀಗೇ ಹೊಲಿದ್ರೆ ಎರಡು ಒಗೆತಕ್ಕೆ ನರ್ಸಮ್ಮನವರ ತೋಳು ಮೊಣಕೈಗೆ ಬರುತ್ತೆ."

ಅದು ಬೇಕೆಂದೇ ಹಾಕಿದ ತಪ್ಪಾಗಿರಲಿಲ್ಲ. ಆಸ್ಪತ್ರೆಯವರು ಮೊದಲೆಲ್ಲ ಮಿಶ್ರ ಬಟ್ಟೆ ಕೇಳುತ್ತಿದ್ದರು; ಈ ಸಲ ಹತ್ತಿ ಕೇಳಿದ್ದರು, ಚೀಟಿ ಮಾತ್ರ ಹಳೆಯದೇ ಉಳಿದಿತ್ತು. ಹೊರಗೆ ಕಟಿಂಗ್ ಮೇಷ್ಟ್ರು ಆ ಬಟ್ಟೆಯ ಥಾನುಗಳನ್ನೇ ಮೇಜಿನ ಮೇಲೆ ಹಾಸುತ್ತಿದ್ದರು. ಯಜಮಾನಿ ಎದ್ದು ಹೋಗಿ "ನಿಲ್ಲಿಸಿ" ಎಂದು ಬಂದಳು.

ಮೂವರೂ ಹೋದ ಮೇಲೆ ಇಬ್ಬರ ಅಂಕಗಳನ್ನೂ ಕೂಡಿದರು. ಮೂವತ್ತೊಂದು ಬಹಳ ಮುಂದಿತ್ತು. ಚಿಕ್ಕಮ್ಮ ಖುಷಿಯಿಂದ ಪೆನ್ನು ಮುಚ್ಚಿದಳು. "ಬಂದ ದಿನವೇ ಮರ್ಯಾದೆ ಉಳಿಸಿಕೊಟ್ಟಳಲ್ಲೇ. ನಾಳೆನೇ ತಿಳಿಸಿಬಿಡು."

"ಅವರ ಮನೆ ತುಂಬ ದೂರ," ಎಂದಳು ಯಜಮಾನಿ. "ಎರಡು ಬಸ್ಸು ಬದಲಾಯಿಸಬೇಕು. ದಿನಾ ತಡವಾಗುತ್ತೆ."

"ದೂರ ಅನ್ನೋದು ನಮ್ಮ ಐದರಲ್ಲಿ ಇರಲಿಲ್ಲವಲ್ಲ."

"ಆಗ ಹೊಳೀಲಿಲ್ಲ."

"ಹಾಗಿದ್ರೆ ಮೂವರ ಮನೆನೂ ಎಷ್ಟು ದೂರ ನೋಡು. ಬೆಳಿಗ್ಗೆ ಎಷ್ಟು ಹೊತ್ತಿಗೆ ಬರೋಕಾಗುತ್ತೆ ಅಂತ ಮೂವರನ್ನೂ ಕೇಳು. ಚಪ್ಪಲಿ ಅಂಗಡಿಯವನು ಅವಳಿಗಿಂತ ದೂರ ಇದ್ದಾನೆ; ಅವನ ವಿಷಯ ಎತ್ತಲೇ ಇಲ್ಲ ನೀನು." ಚಿಕ್ಕಮ್ಮ ಕನ್ನಡಕ ತೆಗೆದಳು. "ಪೇಪರ್ ತಿದ್ದಿ ಮುಗಿದ ಮೇಲೆ ಪ್ರಶ್ನೆ ಸೇರಿಸ್ತಿದ್ದೀಯ. ಏನು ವಿಷಯ? ಆ ಹೆಂಗಸು ನಿಂಗೆ ಗೊತ್ತಾ?"

ಇನ್ನು ಅಡಗಿಸಲಾಗಲಿಲ್ಲ. ಹೊರಗೆ ಮಷೀನುಗಳ ಸದ್ದಿತ್ತು. ಆ ಸದ್ದಿನ ಮರೆಯಲ್ಲಿ ಯಜಮಾನಿ ಎಲ್ಲ ಹೇಳಿದಳು. ಅಂಗಿ, ಸೂಜಿ, ಸಾಲು, ಊಟದ ಗಂಟೆ. ಹೇಳುತ್ತಾ ಹೇಳುತ್ತಾ ಅವಳ ಕೈ ತಾನಾಗಿಯೇ ಬೆನ್ನಿನ ಆ ಜಾಗಕ್ಕೆ ಹೋಗಿತ್ತು.

ಚಿಕ್ಕಮ್ಮ ಅವಳ ಕೈಯನ್ನು ತನ್ನ ತೊಡೆಯ ಮೇಲೆಳೆದುಕೊಂಡು ಅಂದಳು: "ನಿಂಗೆ ಮಾಡಿದ್ದು ಘೋರ ಅನ್ಯಾಯ. ಅದು ಸಣ್ಣದು ಅಂತ ನಾನು ಹೇಳಲ್ಲ. ಆದ್ರೆ ಪಟ್ಟಿ ಎಬ್ಬಿಸಿದ ದಿನವೇ ಹೇಳಬೇಕಿತ್ತು. ನಮ್ಮಲ್ಲಿ ಸ್ವಂತ ಮಕ್ಕಳ ಪೇಪರ್ ಇದ್ರೆ ಬೇರೆಯವರಿಗೆ ಕೊಡ್ತೀವಿ. ಆಗದವರ ಮಕ್ಕಳ ಪೇಪರ್ ಬಂದ್ರೂ ಅಷ್ಟೇ. ಅವಳ ಪೇಪರನ್ನ ನೀನು ಮುಟ್ಟಬಾರದಾಗಿತ್ತು."

"ನನ್ನ ಕಾರ್ಖಾನೆ ಚಿಕ್ಕಮ್ಮ. ನಾಳೆ ಹೊರಗೆ ಮಷೀನಿಗೆ ಕೂತಿರೋ ಯಾವುದಾದ್ರೂ ಹುಡುಗಿ ಬೆನ್ನಿಗೆ ಚುಚ್ಚಿದ್ರೆ?"

"ಅದು ಸರಿಯಾದ ಮಾತು. ಕೆಲಸದವರ ಜೊತೆ ಹೇಗೆ ನಡ್ಕೊಳ್ತಾರೆ ಅನ್ನೋದನ್ನ ನಾವು ಮೊದಲೇ ಸೇರಿಸಬೇಕಿತ್ತು, ಇಬ್ಬರೂ ಮರೆತ್ವಿ. ತಪ್ಪು ನಂದೂ ಹೌದು. ಈಗ್ಲೂ ದಾರಿ ಇದೆ. ಮೂವರನ್ನೂ ಮತ್ತೆ ಕರೆಯೋಣ. ಕೆಳಗಿನವರು ತಪ್ಪು ಮಾಡಿದಾಗ ನೀವು ಏನು ಮಾಡಿದ್ರಿ ಅಂತ ಮೂವರಿಗೂ ಒಂದೇ ಪ್ರಶ್ನೆ. ಮೂವರ ಹಳೇ ಜಾಗಕ್ಕೂ, ಅವರನ್ನ ಕೇಳಿಕೊಂಡೇ, ಫೋನ್ ಮಾಡೋಣ. ನಾನು, ನಿಮ್ಮ ಕಟಿಂಗ್ ಮೇಷ್ಟ್ರು ಅಂಕ ಹಾಕ್ತೀವಿ, ನೀನು ಹೊರಗಿರು. ಅಲ್ಲಿ ಅವಳು ಬಿದ್ರೆ ಬೀಳಲಿ. ನ್ಯಾಯವಾಗಿ ಬೀಳಲಿ."

ಯಜಮಾನಿ ನೆಲ ನೋಡುತ್ತಾ ಕೇಳಿದಳು: "ಬೀಳದಿದ್ರೆ?"

"ಏನು?"

"ಅವಳು ಬದಲಾಗಿದ್ರೆ? ಹಳೇ ಜಾಗದವರು ಒಳ್ಳೆಯವಳು ಅಂದ್ರೆ? ಆಗ ನಾನು ದಿನಾ ಬೆಳಿಗ್ಗೆ ಅವಳ ಮುಖ ನೋಡ್ಬೇಕು. ಅವಳಿಗೆ ನಾನು ಯಾರು ಅಂತಾನೂ ಗೊತ್ತಿಲ್ಲ ಚಿಕ್ಕಮ್ಮ. ಮುಖಕ್ಕೆ ಮುಖ ಕೊಟ್ಟು ನೋಡಿದ್ರೂ ಗೊತ್ತಾಗಲಿಲ್ಲ."

ಚಿಕ್ಕಮ್ಮ ಅವಳ ಕೈ ಬಿಟ್ಟಳು. "ಹಾಗಿದ್ರೆ ನಿಂಗೆ ಕೆಲಸದವರ ಚಿಂತೆ ಅಲ್ಲ. ಅದನ್ನ ನೆಪ ಮಾಡ್ಕೋಬೇಡ. ದಿನಾ ಅವಳ ಮುಖ ನೋಡೋಕೆ ನಂಗಾಗಲ್ಲ ಅಂತ ಹೇಳಿಬಿಡು, ಅದಕ್ಕೂ ಒಂದು ಬೆಲೆ ಇದೆ. ಆದ್ರೆ ಅವಳಿಗೆ ಕಳಿಸೋ ಕಾರ್ಡಲ್ಲಿ ದೂರ ಅಂತ ಬರೆಯಬೇಡ."

ಯಜಮಾನಿ ದೂರ ಎಂದೇ ಬರೆದಳು.

ಔಷಧಿ ಅಂಗಡಿಯ ಯುವತಿಗೆ ಕೆಲಸವಾಯಿತು. ಆಯ್ಕೆಯಾಗದವರಿಗೆಲ್ಲ ಒಂದೊಂದು ಕಾರ್ಡು ಹೋಯಿತು. ಆಸ್ಪತ್ರೆಯ ಬಟ್ಟೆಯನ್ನು ನೆನೆಸಿ, ಒಣಗಿಸಿ, ಕುಗ್ಗುವುದಕ್ಕೆ ಅಳತೆ ಬಿಟ್ಟು ಕತ್ತರಿಸಿದರು. ಮೇಟ್ರನ್ ಫೋನು ಮಾಡಿ, ಇಷ್ಟು ಒಗೆದರೂ ತೋಳು ಇದ್ದ ಹಾಗೇ ಇದೆ, ಯಾರಿಗೆ ಹೊಳೆಯಿತು ಎಂದು ಕೇಳಿದರು. "ನಮ್ಮಲ್ಲೇ," ಎಂದಳು ಯಜಮಾನಿ, ಮಾತು ಬದಲಾಯಿಸಿದಳು.

ಒಂದು ಮಧ್ಯಾಹ್ನ ಗಾಜಿನ ಬಾಗಿಲ ಆಚೆ ಗುಂಡುಸೂಜಿ ನಿಂತಿದ್ದಳು. ಕೈಯಲ್ಲಿ ಆ ಕಾರ್ಡು.

"ಬೈಯೋಕೆ ಬಂದಿಲ್ಲ ಅಮ್ಮ. ನನ್ನಲ್ಲಿ ಏನು ಕೊರತೆ ಕಂಡ್ರಿ ಅಂತ ಹೇಳಿದ್ರೆ ಮುಂದೆ ತಿದ್ದಿಕೊಳ್ತೀನಿ. ದೂರ ಅಂತ ಬರೆದಿದ್ದೀರಿ. ನಿಜವಾಗ್ಲೂ ಅಷ್ಟೇ ಆದ್ರೆ, ಇಲ್ಲೇ ಹಿಂದಿನ ಬೀದಿಯಲ್ಲಿ ಒಂದು ಕೋಣೆ ನೋಡಿದ್ದೀನಿ. ಇನ್ನೊಂದು ಜಾಗ ಖಾಲಿಯಾದ್ರೆ ನೆನಪಿಟ್ಟುಕೊಳ್ಳಿ ಅಂತ ಕೇಳೋಣ ಅಂತ ಬಂದೆ."

ಇಷ್ಟು ವರ್ಷ ಯಜಮಾನಿ ಈ ಹೆಂಗಸಿನ ಜೊತೆ ಮನಸ್ಸಿನಲ್ಲೇ ಎಷ್ಟೋ ಜಗಳವಾಡಿದ್ದಳು. ಪ್ರತಿ ಸಲವೂ ತಾನೇ ಗೆದ್ದಿದ್ದಳು. ಈಗ ಬಾಯಿಗೆ ಬಂದದ್ದು ಒಂದೇ ಮಾತು.

"ನನ್ನ ಬೆನ್ನಿಗೆ ಅಂಗಿ ಚುಚ್ಚಿದ್ರಿ ನೀವು."

ಹೆಂಗಸು ಕನ್ನಡಕ ಏರಿಸಿದಳು. ಈಗ ಮೊದಲ ಸಲ ಯಜಮಾನಿಯನ್ನು ಹುಡುಕುವಂತೆ ನೋಡಿದಳು. ಹಣೆ, ಮೂಗು, ಗಲ್ಲ. ನೆನಪು ಮಾಡಿಕೊಳ್ಳಲು ನಿಜವಾಗಿಯೂ ಪ್ರಯತ್ನಪಡುತ್ತಿದ್ದಳು.

"ಯಾವ ಸಾಲಲ್ಲಿದ್ರಿ?"

"ಕಾಲರಿನ ಸಾಲು."

"ಕಾಲರ್..." ಹೆಂಗಸು ತಲೆಯಾಡಿಸಿದಳು. "ತುಂಬ ಜನಕ್ಕೆ ಚುಚ್ಚಿದ್ದೀನಿ ಅಮ್ಮ. ನೀವು ಯಾರು ಅಂತ ನೆನಪಾಗ್ತಿಲ್ಲ."

ಮಷೀನುಗಳು ಓಡುತ್ತಿದ್ದವು. ಹೆಂಗಸು ಹೇಳಲೋ ಬೇಡವೋ ಎನ್ನುವ ಹಾಗೆ ಮುಂದುವರಿಸಿದಳು. "ಮಾಲು ತಿರುಗಿ ಬಂದ್ರೆ ಮೇಲಿನವರು ನಮ್ಮನ್ನ ಹೊರಗೆ ಬಿಸಿಲಲ್ಲಿ ನಿಲ್ಲಿಸೋರು. ಅದನ್ನ ನಿಮಗೆ ಹೇಳಿ ಪ್ರಯೋಜನ ಇಲ್ಲ, ಚುಚ್ಚಿದ ಕೈ ನಂದೇ. ಒಬ್ಬಳು ಹುಡುಗಿ ಅಲ್ಲೇ ತಲೆತಿರುಗಿ ಬಿದ್ದಳು, ಆಮೇಲೆ ನಿಲ್ಲಿಸಿದೆ. ಅದನ್ನ ಅರ್ಜಿಲಿ ಹೇಗೆ ಬರೆಯೋದು? ನೀವು ಕೇಳಿದ್ರೆ ಹೇಳ್ತಿದ್ದೆ."

"ಕೇಳಲಿಲ್ಲ," ಎಂದಳು ಯಜಮಾನಿ.

"ಹೂಂ." ಹೆಂಗಸು ಕಾರ್ಡನ್ನು ಎರಡಾಗಿ ಮಡಚಿ ಚೀಲಕ್ಕೆ ಹಾಕಿದಳು. "ಆ ಕೋಣೆಗೆ ಮುಂಗಡ ಕೊಡೋಣ ಅಂತಿದ್ದೆ. ದೂರ ಅಂತ ನಂಬಿಬಿಟ್ಟಿದ್ದೆ. ಮೊದಲೇ ಇದನ್ನ ಬರೆದಿದ್ರೆ ನಾನು ಇಲ್ಲೀತನಕ ಬರ್ತಿರಲಿಲ್ಲ."

ಕ್ಷಮಿಸಿ ಎಂದು ಅವಳೂ ಅನ್ನಲಿಲ್ಲ, ಇವಳೂ ಅನ್ನಲಿಲ್ಲ. ಅವಳು ಹಾಲಿನ ಉದ್ದಕ್ಕೂ, ಎರಡು ಸಾಲು ಮಷೀನುಗಳ ನಡುವೆ ನಡೆದು ಹೋದಳು. ಹೊಲಿಯುತ್ತಿದ್ದವರು ಯಾರಿರಬಹುದೆಂದು ಒಬ್ಬೊಬ್ಬರಾಗಿ ತಲೆಯೆತ್ತಿ ನೋಡಿದರು. ಬಾಗಿಲು ತಲುಪುವವರೆಗೂ ಯಜಮಾನಿ ಆ ಬೆನ್ನನ್ನೇ ನೋಡುತ್ತಾ ಕುಳಿತಿದ್ದಳು. ಇಷ್ಟು ವರ್ಷ ಕಾದಿಟ್ಟುಕೊಂಡಿದ್ದ ಸಮಾಧಾನ ಈಗ ಬಂದೀತು, ಇನ್ನೊಂದು ಕ್ಷಣಕ್ಕೆ ಬಂದೀತು ಎಂದು ಕಾದಳು. ಬಾಯಿಯೆಲ್ಲ ಕಹಿಯಾಯಿತು, ಅಷ್ಟೇ.

ಹೊಸಬಳು ಚುರುಕಾಗಿದ್ದಳು, ಬಟ್ಟೆಯ ವಿಷಯವನ್ನೂ ಕಲಿಯುತ್ತಿದ್ದಳು. ಅವಳ ಕಡೆ ಯಾರೂ ಬೊಟ್ಟು ಮಾಡುವಂತಿರಲಿಲ್ಲ. ಒಮ್ಮೆ ಸಂಕೋಚದಿಂದ "ಅಕ್ಕ, ಅಷ್ಟೊಂದು ಜನರಲ್ಲಿ ನನ್ನನ್ನ ಹೇಗೆ ಆರಿಸಿದ್ರಿ?" ಎಂದು ಕೇಳಿದಳು. ಯಜಮಾನಿ "ಅಂಕ ಹಾಕಿ" ಎಂದಳು. ಅವಳು ಹೆಮ್ಮೆಯಿಂದ ಕೆಂಪಾದದ್ದನ್ನು ನೋಡಲಾಗದೆ ಎದ್ದು ಹೊರಗೆ ಹೋದಳು.

ಚಿಕ್ಕಮ್ಮ ಜಗಳವಾಡಲಿಲ್ಲ. ಮನೆಗೆ ಬರುತ್ತಿದ್ದಳು, ಮಗನ ಓದು ವಿಚಾರಿಸುತ್ತಿದ್ದಳು, ಊಟ ಮಾಡಿ ಹೋಗುತ್ತಿದ್ದಳು. ಇಸ್ತ್ರಿ ಮಾಡುವವನು ಬಿಟ್ಟುಹೋಗಿ ಮತ್ತೆ ಒಂದು ಕಂತೆ ಅರ್ಜಿಗಳು ಬಂದಾಗ ಯಜಮಾನಿ ಅವಳನ್ನು ಕರೆದಳು.

"ಕಣ್ಣು ಮಂಜು ಕಣೇ," ಎಂದಳು ಚಿಕ್ಕಮ್ಮ. "ಇನ್ನು ಪೇಪರ್ ತಿದ್ದೋಕಾಗಲ್ಲ." ಹಾಗೆಂದು ಮೇಜಿನ ಮೇಲಿದ್ದ ದಿನಪತ್ರಿಕೆಯ ಸಣ್ಣ ಅಕ್ಷರಗಳನ್ನು ಓದುತ್ತಾ ಕುಳಿತಳು.

ಯಜಮಾನಿ ಒಬ್ಬಳೇ ಆಫೀಸಿಗೆ ಹೋಗಿ ಕಂತೆ ಬಿಚ್ಚಿದಳು. ಅಂಟು, ಕಾಗದದ ಪಟ್ಟಿ ಎಲ್ಲ ಕೈಗೆಟುಕುವಲ್ಲೇ ಇದ್ದವು. ಅವುಗಳ ತಂಟೆಗೇ ಹೋಗಲಿಲ್ಲ. ಮೊದಲ ಅರ್ಜಿಯ ಫೋಟೋ ನೋಡಿದಳು, ಹೆಸರು ನೋಡಿದಳು, ಕೆಂಪು ಪೆನ್ನಿನ ಮುಚ್ಚಳ ತೆಗೆದಳು.